ಕನ್ನಡ ಮಾಧ್ಯಮದಿಂದ ಪಿಯುಸಿ ಫಿಸಿಕ್ಸಿಗೆ: ಇಂಗ್ಲಿಷ್ ಪದ, ಕನ್ನಡ ಅರ್ಥ, ಒಂದು ವಾಕ್ಯ ಇರುವ ಪದಪಟ್ಟಿ ಮಾಡುವ ಬಗೆ

‘ಎ ಬಾಡಿ ಸ್ಟಾರ್ಟ್ಸ್ ಫ್ರಮ್ ರೆಸ್ಟ್.’ ಫಿಸಿಕ್ಸಿನ ಲೆಕ್ಕಗಳಲ್ಲಿ ನೂರಾರು ಸಲ ಬರುವ ಸಾಲು ಇದು. ನಮ್ಮಣ್ಣನ ಮಗಳು ಇದರ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು: ‘ಒಂದು ದೇಹ ವಿಶ್ರಾಂತಿಯಿಂದ ಶುರು ಮಾಡುತ್ತದೆ’. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು, ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿತ್ತು. v = u + at ಅವಳಿಗೆ ಬಾಯಿಪಾಠ ಅಲ್ಲ, ಅರ್ಥ ಆಗಿಯೇ ಗೊತ್ತಿತ್ತು. ಆದರೆ ‘ರೆಸ್ಟ್’ ಅನ್ನೋ ಒಂದೇ ಪದದಲ್ಲಿ u = 0 ಅನ್ನೋ ಮಾಹಿತಿ ಕೂತಿದೆ ಅಂತ ಅವಳಿಗೆ ಕಾಣಲಿಲ್ಲ. ಲೆಕ್ಕದಲ್ಲಿ ಏನೋ ಕೊಟ್ಟಿಲ್ಲ ಅಂತ ಅಲ್ಲೇ ನಿಲ್ಲಿಸಿದ್ದಳು.

ನಾನೂ ಅದೇ ದಾರಿಯಲ್ಲಿ ಬಂದವನು. ಪಿಯುಸಿ ಮೊದಲ ತಿಂಗಳು ಲೆಕ್ಚರರ್ ‘ವೆಲಾಸಿಟಿ’ ಅಂದಾಗಲೆಲ್ಲ ಮನಸ್ಸಿನಲ್ಲಿ ಮೊದಲು ಅದನ್ನು ಕನ್ನಡ ಮಾಡಿಕೊಳ್ಳಬೇಕಿತ್ತು, ಅಷ್ಟರಲ್ಲಿ ಬೋರ್ಡಿನ ಮೇಲೆ ಎರಡು ಸಾಲು ಮುಂದೆ ಹೋಗಿರುತ್ತಿತ್ತು. ಹಾಗಾಗಿ ಆ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಕೂತು ಚಲನೆ ಮತ್ತು ಬಲದ ಪಾಠಗಳಿಗೆ ಒಂದು ಪದಪಟ್ಟಿ ಮಾಡಿದೆವು. ಮೂರು ಕಾಲಂ, ಸುಮಾರು ಅರವತ್ತು ಸಾಲು. ಮೊದಲು ಮಾಡಿದ್ದು ಕೆಲಸಕ್ಕೆ ಬರಲಿಲ್ಲ, ಎರಡನೇ ಸಲ ಬಂತು. ಎರಡರ ನಡುವೆ ಏನು ಬದಲಾಯಿತು ಅನ್ನೋದನ್ನೇ ಇಲ್ಲಿ ಹೇಳುತ್ತಿದ್ದೇನೆ. ನಿಮ್ಮ ಮನೆಯಲ್ಲೋ ಶಾಲೆಯಲ್ಲೋ ಅಂಥ ಮಗು ಇದ್ದರೆ ಹೀಗೇ ಮಾಡಿ ನೋಡಿ.

## ಹಂತ 1: ಪದಗಳನ್ನು ನಿಘಂಟಿನಿಂದ ತೆಗೆಯಬೇಡಿ

ನಾನು ಮೊದಲು ಮಾಡಿದ ತಪ್ಪು ಇದೇ. ನಿಘಂಟು ತೆರೆದು, ಇಂಗ್ಲಿಷ್ ಪದ ಹುಡುಕಿ, ಕನ್ನಡದ ಅರ್ಥ ಬರೆದುಕೊಂಡೆ. ‘ಮೊಮೆಂಟ್’ ಅಂತ ನೋಡಿದರೆ ಮೊದಲ ಅರ್ಥ ‘ಕ್ಷಣ’. ಫಿಸಿಕ್ಸಿನಲ್ಲಿ ‘ಮೊಮೆಂಟ್ ಆಫ್ ಫೋರ್ಸ್’ ಅಂದರೆ ಬಲ ಒಂದು ವಸ್ತುವನ್ನು ತಿರುಗಿಸುವ ಪರಿಣಾಮ, ಅದಕ್ಕೂ ಕ್ಷಣಕ್ಕೂ ಏನೂ ಸಂಬಂಧ ಇಲ್ಲ. ನಿಘಂಟಿನ ತಪ್ಪಲ್ಲ ಇದು. ನಾನು ಯಾವ ಪಾಠ ಓದುತ್ತಿದ್ದೇನೆ ಅಂತ ಅದಕ್ಕೆ ಗೊತ್ತಿಲ್ಲ, ಅಷ್ಟೇ.

ಅದಕ್ಕಿಂತ ಒಳ್ಳೆಯ ಮೂಲ ನಮ್ಮ ಕೈಯಲ್ಲೇ ಇತ್ತು. ಅವಳು ಓದಿದ ಒಂಬತ್ತನೇ ತರಗತಿಯ ವಿಜ್ಞಾನದ ಪುಸ್ತಕ ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ಅನುವಾದ. ಪಿಯುಸಿ ಫಿಸಿಕ್ಸೂ ಎನ್‌ಸಿಇಆರ್‌ಟಿಯದೇ. ಅಂದರೆ ಮಗು ಈಗಾಗಲೇ ಓದಿ ಮುಗಿಸಿದ ಪಾಠದ ಇಂಗ್ಲಿಷ್ ರೂಪ ಸಿಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಅದೇ ಚಿತ್ರ, ಅದೇ ಲೆಕ್ಕ, ಅದೇ ಸಂಖ್ಯೆ. ಚಿತ್ರದ ಕೆಳಗಿನ ಸಾಲು ಮತ್ತು ಬಿಡಿಸಿ ತೋರಿಸಿದ ಲೆಕ್ಕಗಳಿಂದ ಶುರು ಮಾಡಿ, ಯಾಕಂದ್ರೆ ಅಲ್ಲಿ ಸಂಖ್ಯೆಗಳೇ ಗುರುತು: ಇಂಗ್ಲಿಷಿನಲ್ಲಿ ಒಂದು ಸಂಖ್ಯೆಯ ಪಕ್ಕ ‘ವೆಲಾಸಿಟಿ’ ಇದ್ದರೆ, ಕನ್ನಡದಲ್ಲಿ ಅದೇ ಸಂಖ್ಯೆಯ ಪಕ್ಕ ಇರುವುದು ಅದರ ಕನ್ನಡ ಪದ. ಊಹೆ ಬೇಕಾಗಿಲ್ಲ.

ಹೀಗೆ ಮಾಡಿದಾಗ ಮಗುವಿಗೆ ಗೊತ್ತಿರುವ ಪದವೇ ಪಟ್ಟಿಗೆ ಬರುತ್ತದೆ. ಇದು ಮುಖ್ಯ. ಆಕ್ಸೆಲರೇಷನ್ನಿಗೆ ಇನ್ನೂ ಚೆಂದದ, ಇನ್ನೂ ಅಚ್ಚಗನ್ನಡದ ಪದ ನಿಮಗೆ ಹೊಳೆಯಬಹುದು. ಆದರೆ ಆ ಮಗು ಎರಡು ವರ್ಷ ‘ವೇಗೋತ್ಕರ್ಷ’ ಅಂತ ಓದಿ, ಬರೆದು, ಲೆಕ್ಕ ಮಾಡಿದೆ. ಪಟ್ಟಿಯ ಕೆಲಸ ಆ ತಿಳಿವಳಿಕೆಯನ್ನು ಇಂಗ್ಲಿಷ್ ಪದಕ್ಕೆ ಕಟ್ಟುವುದು. ಹೊಸ ಕನ್ನಡ ಪದ ಕೊಟ್ಟರೆ ಕಲಿಯಬೇಕಾದ ಪದ ಒಂದರ ಬದಲು ಎರಡಾಗುತ್ತದೆ.

ಅಳತೆಯ ಹೆಸರುಗಳನ್ನು ಮಾತ್ರ ಹಾಗೇ ಬಿಡಿ. ನ್ಯೂಟನ್, ಜೌಲ್, ವ್ಯಾಟ್ ಎರಡೂ ಕಡೆ ಒಂದೇ. ಪಟ್ಟಿಯಲ್ಲಿ ಅವಕ್ಕೆ ಬೇರೆ ಸಾಲು ಬೇಡ, ವಾಕ್ಯದೊಳಗೆ ಬರಲಿ.

## ಹಂತ 2: ಮೂರು ಕಾಲಂ, ಮೂರು ಬೇರೆ ಕೆಲಸ

ಮೊದಲ ಕಾಲಂನಲ್ಲಿ ಇಂಗ್ಲಿಷ್ ಪದ, ಪುಸ್ತಕದಲ್ಲಿ ಹೇಗಿದೆಯೋ ಹಾಗೆ. ಜೋಡಿಪದವಾಗಿ ಬಂದರೆ ಜೋಡಿಯಾಗಿಯೇ ಬರೆಯಿರಿ. ‘ಯೂನಿಫಾರ್ಮ್’ ಅಂತ ಒಂದನ್ನೇ ಬರೆದರೆ ಮಗುವಿಗೆ ಸ್ಕೂಲಿನ ಬಟ್ಟೆ ನೆನಪಾಗುತ್ತದೆ, ‘ಯೂನಿಫಾರ್ಮ್ ಮೋಷನ್’ ಅಂತ ಬರೆದರೆ ‘ಏಕರೂಪ ಚಲನೆ’ ಜೊತೆ ನೇರವಾಗಿ ಕೂರುತ್ತದೆ.

ಎರಡನೇ ಕಾಲಂನಲ್ಲಿ ಪಠ್ಯಪುಸ್ತಕದ ಒಂದು ಕನ್ನಡ ಪದ. ಒಂದೇ. ಓರೆಗೆರೆ ಹಾಕಿ ಮೂರು ಸಮಾನಾರ್ಥಕ ಬರೆಯೋಣ ಅಂತ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಬೇಡ. ‘ಶಕ್ತಿ/ಬಲ/ಸಾಮರ್ಥ್ಯ’ ಅಂತ ಒಂದು ಮನೆಯಲ್ಲಿ ಬರೆದ ಕ್ಷಣ ಆ ಸಾಲು ಸತ್ತ ಹಾಗೆ. ಮಾತಿನಲ್ಲಿ ಈ ಮೂರೂ ಒಂದೇ. ಫಿಸಿಕ್ಸಿನಲ್ಲಿ ಎನರ್ಜಿ ಅಂದರೆ ಶಕ್ತಿ, ಫೋರ್ಸ್ ಅಂದರೆ ಬಲ, ಪವರ್ ಅಂದರೆ ಸಾಮರ್ಥ್ಯ. ಅಳತೆಯೂ ಬೇರೆ: ಜೌಲ್, ನ್ಯೂಟನ್, ವ್ಯಾಟ್.

ಮೂರನೇ ಕಾಲಂ ಉದಾಹರಣೆ ವಾಕ್ಯ. ಜಾಸ್ತಿ ಪದಪಟ್ಟಿಗಳು ಕೆಡುವುದು ಇಲ್ಲೇ.

ಇನ್ನೊಂದು ಪ್ರಶ್ನೆ ಬರುತ್ತದೆ, ವಾಕ್ಯ ಯಾವ ಭಾಷೆಯಲ್ಲಿರಬೇಕು? ನಾನು ಎರಡೂ ಮಾಡಿ ನೋಡಿದೆ. ಪೂರ್ತಿ ಇಂಗ್ಲಿಷಿನಲ್ಲಿದ್ದರೆ ಮಗು ಆ ಕಾಲಂ ಓದುವುದೇ ಇಲ್ಲ, ಎರಡನೇ ಕಾಲಂಗೆ ನಿಂತುಬಿಡುತ್ತದೆ. ಪೂರ್ತಿ ಕನ್ನಡದಲ್ಲಿದ್ದರೆ ಇಂಗ್ಲಿಷ್ ಪದ ಕಿವಿಗೆ ಬೀಳುವುದಿಲ್ಲ. ಕನ್ನಡ ವಾಕ್ಯದ ಒಳಗೆ ಇಂಗ್ಲಿಷ್ ಪದ ಇಟ್ಟು ಬರೆದಾಗ ಸರಿಹೋಯಿತು. ಕಾಲೇಜಿನಲ್ಲಿ ಒಳ್ಳೆಯ ಲೆಕ್ಚರರ್ ಮಾತಾಡುವುದೂ ಹಾಗೇ ಅಲ್ವಾ: ‘ಈ ಬಾಡಿ ಮೇಲೆ ಎಷ್ಟು ಫೋರ್ಸ್ ಹಾಕಿದೀವಿ ನೋಡ್ರಪ್ಪ’.

## ಹಂತ 3: ಪಕ್ಕದ ಪದ ಒಳಗೆ ಬರದ ಹಾಗೆ ವಾಕ್ಯ ಬರೆಯಿರಿ

ನಮ್ಮ ಮೊದಲ ಪಟ್ಟಿಯಲ್ಲಿ ವೆಲಾಸಿಟಿಗೆ ಇದ್ದ ವಾಕ್ಯ ಇದು: ‘ಬಸ್ಸಿನ ವೆಲಾಸಿಟಿ ಗಂಟೆಗೆ 40 ಕಿ.ಮೀ.’ ಓದೋಕೆ ಚೆನ್ನಾಗಿದೆ, ವ್ಯಾಕರಣವೂ ಸರಿ. ಈಗ ‘ವೆಲಾಸಿಟಿ’ಯನ್ನು ಬೆರಳಿನಿಂದ ಮುಚ್ಚಿ. ಆ ಜಾಗದಲ್ಲಿ ‘ಸ್ಪೀಡ್’ ಹಾಕಿದರೂ ವಾಕ್ಯ ಅಷ್ಟೇ ಚೆನ್ನಾಗಿ ನಿಲ್ಲುತ್ತದೆ. ಹಾಗಾದರೆ ಈ ವಾಕ್ಯ ಮಗುವಿಗೆ ಏನು ಹೇಳಿಕೊಟ್ಟಿತು? ವೆಲಾಸಿಟಿ ಮತ್ತು ಸ್ಪೀಡ್ ಒಂದೇ ಅಂತ ಹೇಳಿಕೊಟ್ಟಿತು.

ಇಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ಹೆಚ್ಚಿನ ತೊಡಕಿದೆ. ಪಠ್ಯಪುಸ್ತಕದಲ್ಲಿ ಸ್ಪೀಡ್ ಅಂದರೆ ‘ಜವ’, ವೆಲಾಸಿಟಿ ಅಂದರೆ ‘ವೇಗ’. ಆದರೆ ರಸ್ತೆ ಬದಿಯ ಬೋರ್ಡಿನಲ್ಲಿ ‘ವೇಗಮಿತಿ’ ಅಂತ ಇರುತ್ತದೆ, ಅದು ಸ್ಪೀಡು. ಮನೆಯಲ್ಲಿ ‘ಅಷ್ಟು ವೇಗವಾಗಿ ಗಾಡಿ ಓಡಿಸಬೇಡ’ ಅಂತಾರೆ, ಅದೂ ಸ್ಪೀಡು. ‘ಜವ’ ಅನ್ನೋ ಪದ ವಿಜ್ಞಾನದ ಪುಸ್ತಕ ಬಿಟ್ಟರೆ ಮಗುವಿನ ಕಿವಿಗೆ ಎಲ್ಲೂ ಬೀಳುವುದಿಲ್ಲ. ಅದಕ್ಕೇ ‘ವೇಗ’ ಅಂದ ಕೂಡಲೆ ಮನಸ್ಸು ಸ್ಪೀಡಿನ ಕಡೆ ವಾಲುತ್ತದೆ. ಇದನ್ನು ಸರಿಮಾಡುವ ಜಾಗ ಮೂರನೇ ಕಾಲಂ ಒಂದೇ.

ಹಾಗಾಗಿ ನಾಲ್ಕು ಪದಗಳಿಗೆ ಸೇರಿಸಿ ಒಂದೇ ಪ್ರಸಂಗ ಕಟ್ಟಿದೆವು. ಒಂದು ಬಸ್ಸು ನಮ್ಮೂರಿಂದ 30 ಕಿ.ಮೀ. ದೂರದ ಪೇಟೆಗೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂತು. ಒಟ್ಟು 2 ಗಂಟೆ ಹಿಡಿಯಿತು. ಹೋದ ದೂರ, ಅಂದರೆ ಡಿಸ್ಟೆನ್ಸ್, 60 ಕಿ.ಮೀ. ಸ್ಥಾನಪಲ್ಲಟ, ಅಂದರೆ ಡಿಸ್‌ಪ್ಲೇಸ್‌ಮೆಂಟ್, ಸೊನ್ನೆ, ಯಾಕಂದ್ರೆ ಬಸ್ಸು ಹೊರಟ ಜಾಗದಲ್ಲೇ ನಿಂತಿದೆ. ಸರಾಸರಿ ಸ್ಪೀಡ್ ಗಂಟೆಗೆ 30 ಕಿ.ಮೀ., ಸರಾಸರಿ ವೆಲಾಸಿಟಿ ಸೊನ್ನೆ. ಈಗ ಯಾವ ಪದ ಮುಚ್ಚಿದರೂ ಪಕ್ಕದ ಪದ ಒಳಗೆ ಬರುವುದಿಲ್ಲ. 30ರ ಜಾಗದಲ್ಲಿ ಸೊನ್ನೆ ಕೂರದ ಹಾಗೆ.

ಇದೇ ಪರೀಕ್ಷೆ ಎಲ್ಲಾ ಸಾಲಿಗೂ ಮಾಡಿ: ಪದ ಮುಚ್ಚಿ, ಅದಕ್ಕೆ ತೀರಾ ಹತ್ತಿರದ ಪದ ಹಾಕಿ ಓದಿ. ವಾಕ್ಯ ಸುಳ್ಳಾಗಬೇಕು. ಆಗದಿದ್ದರೆ ವಾಕ್ಯ ಬದಲಿಸಿ. ನಮ್ಮ ಪಟ್ಟಿಯಲ್ಲಿ ಈ ಪರೀಕ್ಷೆಯಿಂದ ಬದಲಾದ ಕೆಲವು ಸಾಲುಗಳು ಇಲ್ಲಿವೆ.

| ಇಂಗ್ಲಿಷ್ ಪದ | ಕನ್ನಡ ಅರ್ಥ | ವಾಕ್ಯ |
|---|---|---|
| ಸ್ಪೀಡ್ | ಜವ | ಹೋಗಿ ಬರಲು 60 ಕಿ.ಮೀ., 2 ಗಂಟೆ. ಬಸ್ಸಿನ ಆವರೇಜ್ ಸ್ಪೀಡ್ ಗಂಟೆಗೆ 30 ಕಿ.ಮೀ. |
| ವೆಲಾಸಿಟಿ | ವೇಗ | ಅದೇ ಬಸ್ಸು ಹೊರಟ ಜಾಗಕ್ಕೇ ಬಂದಿದ್ದರಿಂದ ಅದರ ಆವರೇಜ್ ವೆಲಾಸಿಟಿ ಸೊನ್ನೆ. |
| ಆಕ್ಸೆಲರೇಷನ್ | ವೇಗೋತ್ಕರ್ಷ | ಸೆಕೆಂಡಿಗೆ 10 ಮೀಟರ್ ಹೋಗುತ್ತಿದ್ದ ಬಸ್ಸು ಬ್ರೇಕ್ ಹಾಕಿ 5 ಸೆಕೆಂಡಿನಲ್ಲಿ ನಿಂತಿತು. ಅದರ ಆಕ್ಸೆಲರೇಷನ್ −2 m/s². |
| ಮಾಸ್ | ರಾಶಿ | 5 ಕೆ.ಜಿ. ಅಕ್ಕಿಚೀಲವನ್ನು ಚಂದ್ರನ ಮೇಲೆ ಇಟ್ಟರೂ ಅದರ ಮಾಸ್ 5 ಕೆ.ಜಿ.ಯೇ. |
| ವೇಯ್ಟ್ | ತೂಕ | ಅದೇ ಚೀಲದ ವೇಯ್ಟ್ ಭೂಮಿಯ ಮೇಲೆ 49 ನ್ಯೂಟನ್, ಚಂದ್ರನ ಮೇಲೆ ಸುಮಾರು 8 ನ್ಯೂಟನ್. |
| ಇನರ್ಷಿಯಾ | ಜಡತ್ವ | ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿಗೂ ಇನರ್ಷಿಯಾ ಇದೆ. |
| ಮೊಮೆಂಟಂ | ಸಂವೇಗ | ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನ ಮೊಮೆಂಟಂ ಸೊನ್ನೆ. |
| ಎನರ್ಜಿ | ಶಕ್ತಿ | 20 ಕೆ.ಜಿ. ಮೂಟೆಯನ್ನು 1.5 ಮೀಟರ್ ಎತ್ತಲು ಇಬ್ಬರೂ ಕೊಟ್ಟ ಎನರ್ಜಿ ಒಂದೇ, 294 ಜೌಲ್. |
| ಪವರ್ | ಸಾಮರ್ಥ್ಯ | ಒಬ್ಬ 2 ಸೆಕೆಂಡಿನಲ್ಲಿ ಎತ್ತಿದ, ಇನ್ನೊಬ್ಬ 3 ಸೆಕೆಂಡಿನಲ್ಲಿ. ಮೊದಲನೆಯವನ ಪವರ್ 147 ವ್ಯಾಟ್, ಎರಡನೆಯವನದು 98 ವ್ಯಾಟ್. |

ಆಕ್ಸೆಲರೇಷನ್ ಸಾಲಿಗೆ ಬ್ರೇಕ್ ಹಾಕುವ ಬಸ್ಸನ್ನೇ ಬೇಕಂತಲೇ ಆರಿಸಿದ್ದು. ‘ವೇಗೋತ್ಕರ್ಷ’ದಲ್ಲಿ ಇರುವ ‘ಉತ್ಕರ್ಷ’ ಅಂದರೆ ಏರಿಕೆ. ಆ ಪದವನ್ನು ಹಾಗೇ ನಂಬಿದರೆ ವೇಗ ಏರಿದಾಗ ಮಾತ್ರ ವೇಗೋತ್ಕರ್ಷ ಅನ್ನಿಸುತ್ತದೆ. ಇಂಗ್ಲಿಷಿನಲ್ಲೂ ಅದೇ ಕಥೆ: ಬೈಕಿನ ‘ಆಕ್ಸಲರೇಟರ್’ ತಿರುಗಿಸಿದರೆ ಗಾಡಿ ಜೋರಾಗುತ್ತದೆ, ಹಾಗಾಗಿ ಎರಡೂ ಭಾಷೆಯಲ್ಲಿ ಪದವೇ ದಾರಿ ತಪ್ಪಿಸುತ್ತದೆ. ಫಿಸಿಕ್ಸಿಗೆ ವೇಗ ಇಳಿದರೂ ಅದು ಆಕ್ಸೆಲರೇಷನ್ನೇ. ಜವ ಬದಲಾಗದೆ ಬರೀ ದಿಕ್ಕು ಬದಲಾದರೂ ಅಷ್ಟೇ, ತಿರುವಿನಲ್ಲಿ ಒಂದೇ ಜವದಲ್ಲಿ ಹೋಗುವ ಬಸ್ಸಿಗೂ ಆಕ್ಸೆಲರೇಷನ್ ಇದೆ. ಎಲ್ಲರಿಗೂ ಗೊತ್ತಿರುವ ಸುಲಭದ ಉದಾಹರಣೆ ಕೊಟ್ಟರೆ ಪದದ ಅಂಚು ಕಾಣುವುದಿಲ್ಲ. ಮಗು ‘ಇದೂ ಅದೇನಾ?’ ಅಂತ ಕೇಳುವಂಥ ಉದಾಹರಣೆ ಕೊಡಿ.

ಮಾಸ್ ಮತ್ತು ವೇಯ್ಟ್ ಬಗ್ಗೆಯೂ ಒಂದು ಮಾತು. ಅಂಗಡಿಯಲ್ಲಿ ‘ತೂಕ ಎಷ್ಟು?’ ಅಂದರೆ ‘5 ಕೆ.ಜಿ.’ ಅನ್ನುತ್ತೇವೆ, ಫಿಸಿಕ್ಸಿನಲ್ಲಿ ಅದು ರಾಶಿ. ತೂಕ ಅಂದರೆ ಭೂಮಿ ಎಳೆಯುವ ಬಲ, ಅದರ ಅಳತೆ ನ್ಯೂಟನ್. 5ನ್ನು 9.8ರಿಂದ ಗುಣಿಸಿದರೆ 49. ಚಂದ್ರನಲ್ಲಿ ಅದರ ಸುಮಾರು ಆರನೇ ಒಂದು ಭಾಗ. ಇನ್ನು ‘ರಾಶಿ’ ಅಂದರೆ ಹಳ್ಳಿಯ ಮಗುವಿಗೆ ಕಣದ ರಾಗಿ ರಾಶಿ, ಇಲ್ಲವೇ ಪಂಚಾಂಗದ ಮೇಷ ವೃಷಭ. ವಾಕ್ಯದಲ್ಲಿ ಕೆ.ಜಿ. ಮತ್ತು ನ್ಯೂಟನ್ ಎರಡೂ ಕಂಡರೆ ಈ ಗೊಂದಲ ಬೇಗ ಕರಗುತ್ತದೆ. ಅಳತೆ ಇರುವ ಪದಕ್ಕೆಲ್ಲ ವಾಕ್ಯದಲ್ಲಿ ಸಂಖ್ಯೆ ಮತ್ತು ಅಳತೆ ಇರಲಿ ಅನ್ನೋ ನಿಯಮ ಮಾಡಿಕೊಂಡಿದ್ದು ಇದಕ್ಕೇ.

ಪವರ್ ಸಾಲು ಬರೆಯುವಾಗ ಸ್ವಲ್ಪ ಹೊತ್ತು ಮಾತಾಡಬೇಕಾಯಿತು. ‘ಪವರ್ ಹೋಯ್ತು’ ಅಂದರೆ ನಮಗೆ ಕರೆಂಟ್ ಹೋಯ್ತು ಅಂತ. ಕನ್ನಡಕಕ್ಕೂ ‘ಪವರ್’ ಇದೆ. ಹಾಗಾಗಿ ಇದು ಮಗುವಿಗೆ ಹೊಸ ಪದ ಅಲ್ಲ, ಆಗಲೇ ಗೊತ್ತಿರುವ ಪದ, ಅದೇ ಕಷ್ಟ. ತೋಟದ ಮೋಟರ್ ಸಹಾಯಕ್ಕೆ ಬಂತು. 5 ಎಚ್‌ಪಿ ಮೋಟರ್ ಅಂದಾಗ ಹೇಳುತ್ತಿರುವುದು ಪವರ್, ಒಂದು ಎಚ್‌ಪಿ ಸುಮಾರು 746 ವ್ಯಾಟ್. ಕರೆಂಟ್ ಬಿಲ್ಲಿನಲ್ಲಿ ಬರುವ ‘ಯೂನಿಟ್’ ಮಾತ್ರ ಎನರ್ಜಿ: 100 ವ್ಯಾಟಿನ ಬಲ್ಬು 10 ಗಂಟೆ ಉರಿದರೆ ಒಂದು ಯೂನಿಟ್, ಅದು 36 ಲಕ್ಷ ಜೌಲ್. ಮೋಟರ್ ಎಷ್ಟು ಎಚ್‌ಪಿ ಅನ್ನೋದು ಆನ್ ಮಾಡದಿದ್ದರೂ ಅದರ ಮೇಲೆ ಬರೆದಿರುತ್ತದೆ, ಯೂನಿಟ್ ಮಾತ್ರ ಓಡಿದಷ್ಟು ಹೊತ್ತಿಗೆ ಏರುತ್ತದೆ. ಇದನ್ನು ಹೇಳಿದ ಮೇಲೆ ಅವಳು ಎರಡನ್ನೂ ಮತ್ತೆ ಕಲಸಿಕೊಳ್ಳಲಿಲ್ಲ.

## ಹಂತ 4: ಸಣ್ಣ ಪದಗಳಿಗೆ ಬೇರೆ ಪುಟ

ಇಲ್ಲಿವರೆಗೆ ಹೇಳಿದ್ದು ದೊಡ್ಡ ಪದಗಳ ವಿಷಯ. ಆದರೆ ನಮ್ಮ ಹುಡುಗಿ ನಿಂತಿದ್ದು ‘ರೆಸ್ಟ್’ ಮತ್ತು ‘ಬಾಡಿ’ ಹತ್ತಿರ. ಇವು ಯಾವ ಪರಿಭಾಷೆಯ ಪಟ್ಟಿಯಲ್ಲೂ ದಪ್ಪಕ್ಷರದಲ್ಲಿ ಇರುವುದಿಲ್ಲ, ಪುಸ್ತಕದ ಕೊನೆಯ ಪದಸೂಚಿಯಲ್ಲೂ ಸಿಗುವುದಿಲ್ಲ. ಮಾಮೂಲಿ ಇಂಗ್ಲಿಷ್ ಪದಗಳೇ. ಲೆಕ್ಕದೊಳಗೆ ಬಂದಾಗ ಮಾತ್ರ ಇವು ಒಂದೊಂದು ಸಮೀಕರಣ ಹೊತ್ತು ತರುತ್ತವೆ.

ಇವನ್ನು ಹುಡುಕುವ ದಾರಿ: ಪಾಠ ಬಿಟ್ಟು ಲೆಕ್ಕಗಳನ್ನು ಓದಿ. ಪ್ರತಿ ಪದಕ್ಕೂ ಕೇಳಿ, ಈ ಪದ ತೆಗೆದುಬಿಟ್ಟರೆ ಉತ್ತರ ಬದಲಾಗುತ್ತದಾ? ಬದಲಾದರೆ ಅದು ಪಟ್ಟಿಗೆ.

ಒಂದು ಲೆಕ್ಕ ಪೂರ್ತಿ ನೋಡೋಣ. ಪಿಯುಸಿಯಲ್ಲಿ ತಪ್ಪದೆ ಬರುವ ರೀತಿಯದು. ಒಂದು ರಾಟೆ, ಅದರ ಮೇಲೆ ಹಾದ ದಾರ, ಒಂದು ತುದಿಗೆ 3 ಕೆ.ಜಿ., ಇನ್ನೊಂದಕ್ಕೆ 2 ಕೆ.ಜಿ. ಪ್ರಶ್ನೆಯಲ್ಲಿ ‘ಲೈಟ್ ಇನ್‌ಎಕ್ಸ್‌ಟೆನ್ಸಿಬಲ್ ಸ್ಟ್ರಿಂಗ್’, ‘ಲೈಟ್ ಸ್ಮೂತ್ ಪುಲ್ಲಿ’ ಅಂತ ಇರುತ್ತದೆ. ಕೊನೆಗೆ ಆಕ್ಸೆಲರೇಷನ್ ಮತ್ತು ಟೆನ್ಷನ್ ಕೇಳುತ್ತಾರೆ.

ಮೊದಲ ಓದಿನಲ್ಲಿ ಅವಳಿಗೆ ‘ಲೈಟ್’ ಅಂದರೆ ಬೆಳಕು. ಎರಡನೆಯ ಓದಿನಲ್ಲಿ ‘ಹಗುರ’ ಅಂತ ಹೊಳೆಯಿತು, ಆದರೆ ಅದೂ ಸಾಲದು. ಫಿಸಿಕ್ಸಿನ ಲೆಕ್ಕದಲ್ಲಿ ‘ಲೈಟ್’ ಅಂದರೆ ರಾಶಿ ಸೊನ್ನೆ ಅಂತ ಇಟ್ಟುಕೋ ಅನ್ನೋ ಸೂಚನೆ. ದಾರಕ್ಕೆ ರಾಶಿ ಇಲ್ಲ, ರಾಟೆ ತಿರುಗಿಸೋಕೆ ಬಲ ಖರ್ಚಾಗುವುದಿಲ್ಲ. ‘ಸ್ಮೂತ್’ ಅಂದರೆ ನುಣುಪು ಅಂತ ಬರೆದರೆ ಏನೂ ಸಿಗಲಿಲ್ಲ, ಘರ್ಷಣೆ ಸೊನ್ನೆ ಅಂತ ಬರೆಯಬೇಕು. ಈ ಎರಡೂ ಸೇರಿದಾಗಲೇ ದಾರದ ಎರಡೂ ಕಡೆ ಎಳೆತ ಒಂದೇ, ಎರಡಕ್ಕೂ ಒಂದೇ T ಬರೆಯಬಹುದು. ‘ಇನ್‌ಎಕ್ಸ್‌ಟೆನ್ಸಿಬಲ್’ ಅಂದರೆ ಹಿಗ್ಗದ ದಾರ, ಅಂದರೆ ಈ ಕಡೆಯದು ಎಷ್ಟು ಇಳಿಯಿತೋ ಆ ಕಡೆಯದು ಅಷ್ಟೇ ಏರುತ್ತದೆ, ಹಾಗಾಗಿ ಎರಡಕ್ಕೂ ಒಂದೇ a. ಇಷ್ಟು ಗೊತ್ತಾದ ಮೇಲೆ ಸಮೀಕರಣ ತಾನಾಗೇ ಬರುತ್ತದೆ:

```
3g − T = 3a
T − 2g = 2a
a = g/5 = 1.96 m/s²
T = 2(9.8 + 1.96) = 23.52 N
```

ಎರಡು ಸಮೀಕರಣಗಳಲ್ಲಿ T ಒಂದೇ, a ಒಂದೇ. ಆ ‘ಒಂದೇ’ ಬಂದಿದ್ದು ಮೂರು ಮಾಮೂಲಿ ವಿಶೇಷಣಗಳಿಂದ. ಕನ್ನಡದಲ್ಲಿ ಇದೇ ಲೆಕ್ಕ ಕೊಟ್ಟಿದ್ದರೆ ಅವಳು ಆರಾಮಾಗಿ ಮಾಡುತ್ತಿದ್ದಳು ಅಂತ ನನಗೆ ಖಾತ್ರಿ.

ಇನ್ನು ‘ಟೆನ್ಷನ್’. ‘ಪರೀಕ್ಷೆ ಟೆನ್ಷನ್’ ಅಂತ ದಿನಾ ಹೇಳುವ ಪದ. ಇಲ್ಲಿ ಅದು ದಾರದ ಎಳೆತ, ನ್ಯೂಟನ್ನಿನಲ್ಲಿ ಅಳೆಯುವುದು. ಬಾವಿಯಿಂದ ನೀರು ಸೇದುವಾಗ ಕೈಗೆ ಸಿಗುವ ಹಗ್ಗದ ಬಿಗಿ ನೆನಪಿಸಿದರೆ ಸಾಕು.

ಈ ಪುಟದ ಎರಡನೇ ಕಾಲಂನಲ್ಲಿ ಪದದ ಬದಲು ‘ಲೆಕ್ಕದಲ್ಲಿ ಏನು ಮಾಡಬೇಕು’ ಅಂತಲೇ ಬರೆಯಿರಿ.

| ಇಂಗ್ಲಿಷ್ ಪದ | ಲೆಕ್ಕದಲ್ಲಿ ಅರ್ಥ | ವಾಕ್ಯ |
|---|---|---|
| ಬಾಡಿ | ವಸ್ತು, ಯಾವುದಾದರೂ | ಇಟ್ಟಿಗೆ, ಬಸ್ಸು, ಚೆಂಡು, ಲೆಕ್ಕದಲ್ಲಿ ಎಲ್ಲವೂ ಬಾಡಿಯೇ. |
| ಫ್ರಮ್ ರೆಸ್ಟ್ | ನಿಂತ ಸ್ಥಿತಿಯಿಂದ, u = 0 | ಫ್ರಮ್ ರೆಸ್ಟ್ ಹೊರಟು 2 m/s² ಆಕ್ಸೆಲರೇಷನ್ ಪಡೆದ ಬಸ್ಸಿನ ವೆಲಾಸಿಟಿ 5 ಸೆಕೆಂಡಿಗೆ 10 m/s. |
| ಸ್ಮೂತ್ | ಘರ್ಷಣೆ ಸೊನ್ನೆ | ಸ್ಮೂತ್ ನೆಲದ ಮೇಲೆ ಒಮ್ಮೆ ತಳ್ಳಿದ ಪೆಟ್ಟಿಗೆ ನಿಲ್ಲುವುದೇ ಇಲ್ಲ. |
| ಡ್ರಾಪ್ಡ್ | ತಳ್ಳದೆ ಕೈಬಿಟ್ಟದ್ದು | ನಿಂತ ಗೋಪುರದಿಂದ ಡ್ರಾಪ್ಡ್ ಆದರೆ u = 0; ಸೆಕೆಂಡಿಗೆ 5 ಮೀಟರ್ ಏರುತ್ತಿರುವ ಬಲೂನಿನಿಂದ ಆದರೆ u ಮೇಲಕ್ಕೆ 5 m/s. |
| ರೆಸ್ಪೆಕ್ಟಿವ್ಲಿ | ಕ್ರಮವಾಗಿ | ಎ, ಬಿ ಮಾಸ್ ರೆಸ್ಪೆಕ್ಟಿವ್ಲಿ 3 ಕೆ.ಜಿ., 2 ಕೆ.ಜಿ. ಅಂದರೆ ಎ 3, ಬಿ 2. |

‘ಡ್ರಾಪ್ಡ್’ ಸಾಲನ್ನು ಗಮನಿಸಿ. ನಾವು ಮೊದಲು ಅಲ್ಲಿ ಬರೀ u = 0 ಅಂತ ಬರೆದಿದ್ದೆವು. ಗೋಪುರದ ಲೆಕ್ಕಗಳೆಲ್ಲ ಸರಿಬಂದವು, ಏರುವ ಬಲೂನಿನ ಲೆಕ್ಕ ತಪ್ಪಾಯಿತು. ಬಲೂನು ಏರುತ್ತಿದ್ದರೆ ಅದರೊಳಗಿನ ಕಲ್ಲೂ ಅದೇ ವೇಗದಲ್ಲಿ ಏರುತ್ತಿರುತ್ತದೆ, ಕೈಬಿಟ್ಟ ಕ್ಷಣದಲ್ಲೂ ಅದು ಮೇಲಕ್ಕೇ ಹೋಗುತ್ತಿದೆ. ಸಣ್ಣ ಪದಗಳಿಗೆ ಸೂತ್ರ ಕಟ್ಟಿಬಿಡುವ ಆಸೆ ಬರುತ್ತದೆ, ಕಟ್ಟುವ ಮುಂಚೆ ಐದಾರು ಬೇರೆ ಬೇರೆ ಲೆಕ್ಕದಲ್ಲಿ ಆ ಪದ ಹೇಗೆ ಬಂದಿದೆ ನೋಡಿ.

## ಹಂತ 5: ಕಂಪ್ಯೂಟರಿಗೆ ಹಾಕುವುದು

ನೋಟ್‌ಬುಕ್ಕಿನಲ್ಲೇ ಗೆರೆ ಹಾಕಿ ಬರೆದರೂ ನಡೆಯುತ್ತದೆ. ಆದರೆ ನಾಲ್ಕು ಮಕ್ಕಳಿಗೆ ಕೊಡಬೇಕು ಅಂದರೆ ಸ್ಪ್ರೆಡ್‌ಶೀಟ್ ಒಳ್ಳೆಯದು. ಸರಳ ಫೈಲ್ ಆಗಿ ಇಡುವುದಾದರೆ ಹೀಗಿರುತ್ತದೆ:

```
english,kannada,example
mass,ರಾಶಿ,"ಚಂದ್ರನ ಮೇಲೂ ಚೀಲದ mass 5 kg, ಬದಲಾಗದು."
weight,ತೂಕ,"ಚೀಲದ weight ಇಲ್ಲಿ 49 N, ಚಂದ್ರನಲ್ಲಿ ಸುಮಾರು 8 N."
```

ವಾಕ್ಯದ ಸುತ್ತ ಉದ್ಧರಣ ಚಿಹ್ನೆ ಬೇಕೇ ಬೇಕು. ಇಲ್ಲದಿದ್ದರೆ ವಾಕ್ಯದೊಳಗಿನ ಅಲ್ಪವಿರಾಮವನ್ನು ಹೊಸ ಕಾಲಂ ಅಂತ ತಿಳಿದು ಅರ್ಧ ವಾಕ್ಯ ನಾಲ್ಕನೇ ಕಾಲಂಗೆ ಹಾರುತ್ತದೆ.

ಕನ್ನಡದ್ದೇ ಆದ ಎರಡು ತೊಂದರೆ ಬರುತ್ತವೆ, ಎರಡನ್ನೂ ಕಣ್ಣಿನಿಂದಲೇ ಗುರುತಿಸಬಹುದು. ಹಳೆಯ ಪಿಡಿಎಫ್‌ನಿಂದ ಕಾಪಿ ಮಾಡಿದಾಗ ‘ಕನ್ನಡ’ ಬದಲು `PÀ£ÀßqÀ` ಅಂತ ಬಂದರೆ ಆ ಫೈಲ್ ನುಡಿ ಥರದ ಹಳೆಯ ಫಾಂಟಿನಲ್ಲಿದೆ, ಯೂನಿಕೋಡ್ ಅಲ್ಲ. ಪರಿವರ್ತಕ ಬಳಸಬಹುದು, ಆದರೆ ಅರವತ್ತು ಪದಕ್ಕೆ ಕೈಯಲ್ಲಿ ಟೈಪ್ ಮಾಡುವುದೇ ಬೇಗ, ಒತ್ತಕ್ಷರ ತಪ್ಪುವುದೂ ಕಡಿಮೆ. ಇನ್ನೊಂದು, ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದಾಗ ಎಲ್ಲಾ ಕಡೆ `à²•` ಥರ ಕಂಡರೆ ಫೈಲ್ ಹಾಳಾಗಿಲ್ಲ. ಅದು UTF-8 ಅಂತ ಎಕ್ಸೆಲ್ಲಿಗೆ ಗೊತ್ತಾಗಿಲ್ಲ. ಹಾಗೇ ಸೇವ್ ಮಾಡಬೇಡಿ, ಮುಚ್ಚಿಬಿಡಿ, ಆಮೇಲೆ ಖಾಲಿ ಹಾಳೆ ತೆರೆದು `Data` ಮೆನುವಿನ `From Text/CSV` ಮೂಲಕ ಒಳಗೆ ತನ್ನಿ. ಉಳಿಸುವಾಗ `CSV UTF-8` ಆರಿಸಿ.

ಎರಡನೇ ಕಾಲಂನಲ್ಲಿ ಒಂದೇ ಪದ ಇಡಿ ಅಂದಿದ್ದರ ಲಾಭ ಈಗ ಸಿಗುತ್ತದೆ. ನಾಲ್ಕನೇ ಕಾಲಂನಲ್ಲಿ ತಾತ್ಕಾಲಿಕವಾಗಿ ಇದನ್ನು ಹಾಕಿ ಕೆಳಗಿನವರೆಗೂ ಎಳೆಯಿರಿ:

```
=COUNTIF(B:B,B2)
```

ಎಲ್ಲಿ 2 ಅಥವಾ ಜಾಸ್ತಿ ಬಂತೋ ಅಲ್ಲಿ ಒಂದೇ ಕನ್ನಡ ಪದ ಎರಡು ಇಂಗ್ಲಿಷ್ ಪದಗಳಿಗೆ ಕೂತಿದೆ ಅಂತ. ನಮ್ಮ ಪಟ್ಟಿಯಲ್ಲಿ ‘ಶಕ್ತಿ’ ಎರಡು ಸಲ ಸಿಕ್ಕಿತು, ಎನರ್ಜಿಗೂ ಪವರ್‌ಗೂ ಅದನ್ನೇ ಬರೆದಿದ್ದೆವು. ಅಷ್ಟೆಲ್ಲ ಮಾತಾಡಿದ ಮೇಲೂ ಕೈ ಅಭ್ಯಾಸಬಲದಿಂದ ಹಾಗೇ ಬರೆದಿತ್ತು. ಪದದ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದಿದ್ದರೆ ಈ ಲೆಕ್ಕ ಹಿಡಿಯುವುದಿಲ್ಲ, ಅದಕ್ಕೆ ಮೊದಲೇ ಒಂದು ಸಲ `TRIM` ಮಾಡಿಕೊಳ್ಳಿ.

## ಹಂತ 6: ಮಗುವಿನ ಹತ್ತಿರ ಪರೀಕ್ಷಿಸಿ, ಪಟ್ಟಿಯನ್ನು

ಪರೀಕ್ಷೆ ಆಗಬೇಕಾದ್ದು ಪಟ್ಟಿಗೆ. ಮಗುವಿಗಲ್ಲ, ಇದನ್ನು ಅದಕ್ಕೆ ಮೊದಲೇ ಹೇಳಿ. ಪ್ರಿಂಟ್ ತೆಗೆದು, ಮೊದಲೆರಡು ಕಾಲಂ ಹಿಂದಕ್ಕೆ ಮಡಚಿ. ವಾಕ್ಯದೊಳಗಿನ ಇಂಗ್ಲಿಷ್ ಪದದ ಮೇಲೆ ಸಣ್ಣ ಚೀಟಿ ಅಂಟಿಸಿ. ಮಗು ವಾಕ್ಯ ಓದಿ ಪದ ಹೇಳಬೇಕು. ತಪ್ಪು ಹೇಳಿದ ಕಡೆ ಆ ತಪ್ಪು ಪದವನ್ನೇ ಅಂಚಿನಲ್ಲಿ ಬರೆದುಕೊಳ್ಳಿ, ‘ತಪ್ಪು’ ಅಂತ ಬರೆದರೆ ಉಪಯೋಗ ಇಲ್ಲ. ಯಾವ ಪದದ ಜೊತೆ ಕಲಸಿಕೊಂಡಿದೆ ಅನ್ನೋದು ಗೊತ್ತಾದರೆ ಹೊಸ ವಾಕ್ಯ ಎಲ್ಲಿ ಗೆರೆ ಎಳೆಯಬೇಕು ಅಂತ ಗೊತ್ತಾಗುತ್ತದೆ.

‘ಫೋರ್ಸ್’ ಸಾಲಿನಲ್ಲಿ ಅವಳು ‘ಪ್ರೆಶರ್’ ಅಂದಳು. ವಾಕ್ಯ ನೋಡಿದರೆ, ‘ಬಾಗಿಲು ತೆರೆಯಲು ನಾವು ಫೋರ್ಸ್ ಹಾಕುತ್ತೇವೆ’. ಅವಳು ಹೇಳಿದ್ದೂ ಕೂರುತ್ತದೆ, ತಪ್ಪು ವಾಕ್ಯದ್ದು. ಅದನ್ನು ತೆಗೆದು, ಒಂದೇ ಇಟ್ಟಿಗೆಯನ್ನು ಮಲಗಿಸಿ ಇಟ್ಟರೂ ನಿಲ್ಲಿಸಿ ಇಟ್ಟರೂ ನೆಲದ ಮೇಲೆ ಬೀಳುವ ಫೋರ್ಸ್ ಅಷ್ಟೇ ಇರುತ್ತದೆ, ನಿಲ್ಲಿಸಿದಾಗ ಪ್ರೆಶರ್ ಮಾತ್ರ ಜಾಸ್ತಿ ಆಗುತ್ತದೆ ಅಂತ ಬರೆದೆವು.

ಮೂರು ದಿನ ಬಿಟ್ಟು ಇನ್ನೊಮ್ಮೆ ಮಾಡಿ. ಎರಡೂ ಸಲ ಸರಿ ಬಂದ ಸಾಲುಗಳನ್ನು ಅಳಿಸಿಹಾಕಿ, ಪಟ್ಟಿ ಚಿಕ್ಕದಾಗುತ್ತಾ ಹೋಗಲಿ. ಕಾಲೇಜು ಶುರುವಾಗುವ ಹೊತ್ತಿಗೆ ನಮ್ಮ ಅರವತ್ತು ಸಾಲು ಹದಿನೇಳಕ್ಕೆ ಇಳಿದಿತ್ತು, ಅದರಲ್ಲಿ ಹನ್ನೊಂದು ಆ ಸಣ್ಣ ಪದಗಳ ಪುಟದ್ದು. ಆ ಹದಿನೇಳನ್ನು ಅವಳು ಫಿಸಿಕ್ಸ್ ನೋಟ್‌ಬುಕ್ಕಿನ ಹಿಂದಿನ ರಟ್ಟಿಗೆ ಅಂಟಿಸಿಕೊಂಡಳು, ಕೆಳಗೆ ಹತ್ತು ಸಾಲು ಖಾಲಿ ಬಿಟ್ಟು.